ಮುಚ್ಚಿದ ತೂಬು: ಕೋಲಾರ ಸೀಮೆಯ ಕೆರೆ, ನೀರುಗಂಟಿ ಮತ್ತು ಅಚ್ಚುಕಟ್ಟು (ಮಹಾಪ್ರಬಂಧದ ಅಧ್ಯಾಯವಾರು ಸಾರಾಂಶ)

ಮೇಡಂ, ನಮಸ್ಕಾರ.

ಗುರುವಾರದ ಭೇಟಿಗೆ ಮುಂಚೆ ಓದಲು ಇದನ್ನು ಕಳಿಸುತ್ತಿದ್ದೇನೆ. ಪ್ರಬಂಧ ಈಗ 284 ಪುಟವಾಗಿದೆ. ಕಳೆದ ಸಲ ನೀವು "ಏಳು ಅಧ್ಯಾಯದಲ್ಲೂ ಒಂದೇ ಮಾತು ನಡೆಯುತ್ತಿದೆಯೇ, ಇಲ್ಲ ಏಳು ಮಾತು ನಡೆಯುತ್ತಿವೆಯೇ?" ಎಂದು ಕೇಳಿದಿರಿ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಸಾರಾಂಶ ಬರೆದೆ. ಬರೆಯುವಾಗ ಎಲ್ಲಿ ಎಳೆ ಕಡಿದಿದೆ ಎಂದು ನನಗೇ ಕಾಣಿಸಿತು. ಆಯಾ ಜಾಗದಲ್ಲಿ ಗುರುತು ಮಾಡಿದ್ದೇನೆ.

ಪ್ರಬಂಧ ಹೇಳುವ ಮಾತು ಇಷ್ಟು. ಕೆರೆಯಿಂದ ಗದ್ದೆಗೆ ನೀರು ಬಿಡುವ ತೂಬು ಕೋಲಾರದ ಕೆರೆಗಳಲ್ಲಿ ಎರಡು ಸಲ ಮುಚ್ಚಿತು. ಮೊದಲ ಸಲ ಊರಿನವರೇ ಮುಚ್ಚಿದರು, ಕೊಳವೆಬಾವಿಗೆ ಅಂತರ್ಜಲ ಬೇಕೆಂದು. ಎರಡನೆಯ ಸಲ, 2018ರ ನಂತರ, ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೆರೆಗೆ ಹರಿಸುವ ಸರ್ಕಾರದ ಯೋಜನೆ ಮುಚ್ಚಿಸಿತು. ನಡುವೆ ಕಳೆದುಹೋದದ್ದು ನೀರೊಂದೇ ಅಲ್ಲ; ನೀರನ್ನು ಹಂಚುವ ಕೆಲಸ, ಆ ಕೆಲಸ ಮಾಡುವ ನೀರುಗಂಟಿ ಎಂಬ ಮನುಷ್ಯ, ಅದಕ್ಕಾಗಿ ಊರು ಕೂತು ಆಡುತ್ತಿದ್ದ ಮಾತು. ಹಾಗಾಗಿ ಕೆರೆಗೆ ನೀರು ವಾಪಸು ಬಂದರೂ ಇವು ತಾವಾಗಿ ವಾಪಸು ಬರಲಿಲ್ಲ.

ಅಧ್ಯಾಯ 1: ಪ್ರಶ್ನೆ ಮತ್ತು ವಿಧಾನ

ಮುಳಬಾಗಿಲು ತಾಲ್ಲೂಕಿನಲ್ಲಿ ಒಂದೇ ಸರಪಳಿಗೆ ಸೇರಿದ ಮೂರು ಕೆರೆಗಳ ಅಧ್ಯಯನ ಇದು. ಮಾತಾಡಿದವರ ಹೆಸರು ಬಯಲಾಗಬಾರದೆಂದು ಊರುಗಳ ಹೆಸರು ಬಿಟ್ಟು ಮೇಲ್ಕೆರೆ, ನಡುಕೆರೆ, ಕಡೆಕೆರೆ ಎಂದು ಕರೆದಿದ್ದೇನೆ. ಮೇಲ್ಕೆರೆ ಕೋಡಿ ಬಿದ್ದರೆ ಆ ನೀರು ನಡುಕೆರೆಗೆ, ಅಲ್ಲಿಂದ ಕಡೆಕೆರೆಗೆ. ಹದಿನಾಲ್ಕು ತಿಂಗಳ ಕ್ಷೇತ್ರಕಾರ್ಯ, 62 ಸಂದರ್ಶನ, ಹಳೆಯ ಸರ್ವೆ ನಕ್ಷೆ, ಪಹಣಿ, ಪಂಚಾಯಿತಿ ನಡಾವಳಿ ಪುಸ್ತಕ. ನಡುಕೆರೆಯ ಅಚ್ಚುಕಟ್ಟಿನಲ್ಲಿ ನನ್ನ ತಾತನಿಗೆ ಒಂದೂಕಾಲು ಎಕರೆ ಗದ್ದೆ ಇತ್ತು ಎಂಬುದನ್ನು ಈ ಅಧ್ಯಾಯದಲ್ಲೇ ಹೇಳಿದ್ದೇನೆ. ನಾವು ಹಿಡುವಳಿದಾರರ ಮನೆಯವರು, ನೀರುಗಂಟಿಗೆ ಆಯ ಕೊಟ್ಟವರು. ಆ ಕಡೆಯಿಂದ ನೋಡುವಾಗ ಏನು ಕಾಣದೆ ಹೋಗಿರಬಹುದು ಎಂಬ ಎರಡು ಪುಟ ಸೇರಿಸಿದ್ದೇನೆ. ಅವು ಬೇಕೇ ಬೇಕು ಎಂಬುದು ನನ್ನ ಅಭಿಪ್ರಾಯ.

ಅಧ್ಯಾಯ 2: ನೆಲ, ಮಳೆ, ಶಾಸನ

ಇದು ಹಿನ್ನೆಲೆ ಅಧ್ಯಾಯ. ವರ್ಷವಿಡೀ ಹರಿಯುವ ನದಿಯಿಲ್ಲದ, ವರ್ಷಕ್ಕೆ ಸುಮಾರು 750 ಮಿ.ಮೀ. ಮಳೆ ಬೀಳುವ ಸೀಮೆಯಲ್ಲಿ ಕೆರೆ ಕಟ್ಟುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಕೊಡಗೆ, ದಸವಂದ ಎಂಬ ದತ್ತಿಗಳನ್ನು ವಿವರಿಸಿದ್ದೇನೆ: ಕೆರೆ ಕಟ್ಟಿದವನಿಗೆ, ಒಡೆದ ಏರಿ ಸರಿ ಮಾಡಿದವನಿಗೆ ಆ ಕೆರೆಯ ಕೆಳಗಿನ ನೆಲದಲ್ಲೇ ಪಾಲು. ಮುಂದಿನ ಅಧ್ಯಾಯಗಳಿಗೆ ಬೇಕಾದದ್ದು ಈ ಒಂದು ಅಂಶ: ಕೆರೆಯನ್ನು ನೋಡಿಕೊಳ್ಳುವ ಕೂಲಿ ಕೆರೆಯ ನೀರಿನಿಂದಲೇ ಹುಟ್ಟುತ್ತಿತ್ತು. 41 ಪುಟ ಹೆಚ್ಚಾಯಿತು, 25ಕ್ಕೆ ಇಳಿಸುತ್ತೇನೆ.

ಅಧ್ಯಾಯ 3: ಮೈಸೂರು ಸಂಸ್ಥಾನದಿಂದ 1965ರವರೆಗೆ

ಮೈಸೂರಿನ ಮುಖ್ಯ ಇಂಜಿನಿಯರ್ ಸ್ಯಾಂಕಿ 1866ರಲ್ಲೇ, ಈ ರಾಜ್ಯದಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದು ಕಷ್ಟ, ಅಷ್ಟು ಕಟ್ಟಿಬಿಟ್ಟಿದ್ದಾರೆ ಎಂಬರ್ಥದ ಮಾತು ಬರೆದಿದ್ದ. ಹತ್ತು ವರ್ಷದ ನಂತರ 1876–78ರ ಬರ. ಆಮೇಲೆ 1892ರ ಮದ್ರಾಸ್–ಮೈಸೂರು ಒಪ್ಪಂದ. ಅದರ ಪಟ್ಟಿಯಲ್ಲಿ ಪಾಲಾರ್ ಕೂಡ ಇದ್ದುದರಿಂದ, ಮದ್ರಾಸಿನ ಮುಂಚಿತ ಒಪ್ಪಿಗೆಯಿಲ್ಲದೆ ಇಲ್ಲಿ ಹೊಸ ನೀರಾವರಿ ಜಲಾಶಯ ಕಟ್ಟುವಂತಿರಲಿಲ್ಲ. ಇರುವ ಕೆರೆಯನ್ನೇ ಕಾಪಾಡಿಕೊಳ್ಳಬೇಕಾದ ಸೀಮೆಯಲ್ಲಿ, ಕಾಪಾಡುವ ಹೊಣೆ ಮಾತ್ರ ಊರಿಗೂ ಇಲಾಖೆಗೂ ನಡುವೆ ಓಡಾಡಿತು.

ಈ ಅಧ್ಯಾಯದ ನಿಜವಾದ ವಿಷಯ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ. ಪಟೇಲ, ಶಾನುಭೋಗರ ವಂಶಪಾರಂಪರ್ಯ ಅದರಿಂದ ಕೊನೆಗೊಂಡಿತು ಎಂದು ಎಲ್ಲರೂ ಬರೆಯುತ್ತಾರೆ. ತೋಟಿ, ತಳವಾರ, ನೀರುಗಂಟಿಯ ಮಾತು ಬರುವುದು ಕಡಿಮೆ. ಹುಟ್ಟಿನಿಂದ ಅಂಟಿದ ಚಾಕರಿಯಿಂದ ಬಿಡುಗಡೆ ಸಿಕ್ಕಿತು, ಇನಾಂ ಜಮೀನು ಮರುಮಂಜೂರಾಗಿ ಸ್ವಂತದ್ದಾಯಿತು. ಇದು ದೊಡ್ಡ ಲಾಭ, ಇದನ್ನು ಕಡಿಮೆ ಮಾಡಿ ಹೇಳಬಾರದು. ಆದರೆ ಆ ಕೆಲಸ ಇನ್ನು ಯಾರು ಮಾಡಬೇಕು, ಅವರಿಗೆ ಯಾರು ಕೊಡಬೇಕು ಎಂಬುದಕ್ಕೆ ಉತ್ತರ ಇರಲಿಲ್ಲ. 1965ರ ನೀರಾವರಿ ಕಾಯ್ದೆ ಬರುವ ಹೊತ್ತಿಗೆ ಊರಿನವರ ಬಾಯಲ್ಲಿ ಕೆರೆ "ಗವರ್ಮೆಂಟಿನದು" ಆಗಿತ್ತು.

ಅಧ್ಯಾಯ 4: ನೀರುಗಂಟಿ

ಇಡೀ ಪ್ರಬಂಧ ನಿಂತಿರುವುದು ಈ ಅಧ್ಯಾಯದ ಮೇಲೆ. ಸಮಯ ಕಡಿಮೆಯಿದ್ದರೆ ಇದೊಂದನ್ನು ಪೂರ್ತಿ ಓದಬೇಕೆಂದು ಕೋರುತ್ತೇನೆ.

ನಡುಕೆರೆಯ ಕೊನೆಯ ನೀರುಗಂಟಿಗೆ ಈಗ ಎಂಬತ್ತರ ಮೇಲೆ ವಯಸ್ಸು. ಅವರೊಂದಿಗೆ ಒಂಬತ್ತು ಸಲ ಕೂತು ಮಾತಾಡಿದ್ದೇನೆ. ನಾಲ್ಕನೆಯ ಸಲ ಅವರೇ ಏರಿ ಮೇಲೆ ಕರೆದುಕೊಂಡು ಹೋಗಿ ತೂಬಿನ ಕಂಬ ತೋರಿಸಿದರು. ಎರಡು ಕಲ್ಲುಕಂಬ, ನಡುವೆ ತೂತು ಕೊರೆದ ಅಡ್ಡಹಾಸು, ಆ ತೂತಿನೊಳಗೆ ತೂಬು ಮುಚ್ಚುವ ಬಿರಡೆಯ ಗಳು ಇಳಿಯುತ್ತಿದ್ದ ಜಾಗ. ಕಲ್ಲಿನ ಅಂಚು ಗಳು ಉಜ್ಜಿ ಉಜ್ಜಿ ನುಣ್ಣಗಾಗಿದೆ. ಅವರು ಬೆರಳಿಟ್ಟು ಸವರಿ, "ಇಷ್ಟು ಎತ್ತಿದ್ರೆ ತಲೆಗದ್ದೆ ಮಟ್ಟ, ಇಷ್ಟು ಎತ್ತಿದ್ರೆ ಕಡೆಗದ್ದೆವರೆಗೂ" ಎಂದರು. ಬಿರಡೆ ಸಿಕ್ಕಿಕೊಂಡರೆ ಮುಳುಗಿ ಬಿಡಿಸುತ್ತಿದ್ದವರೂ ಅವರೇ. ಸರದಿಗೆ ಗಡಿಯಾರ ಇರಲಿಲ್ಲ. ಹಗಲು ಕಂಬದ ನೆರಳು, ರಾತ್ರಿ ಚುಕ್ಕಿ.

ಅಧ್ಯಾಯ ಮೂರು ಸಂಗತಿಗಳನ್ನು ತೋರಿಸುತ್ತದೆ. ನೀರು ಬಿಡುವ ಹಕ್ಕು ಗದ್ದೆ ಇದ್ದವರ ಕೈಯಲ್ಲಿ ಇರಲಿಲ್ಲ, ನೀರುಗಂಟಿಯ ಕೈಯಲ್ಲಿತ್ತು. ಬೇರೆಯವರು ತೂಬು ಮುಟ್ಟಿದರೆ ದಂಡ. ಎರಡನೆಯದು, ಕೆರೆ ಅರ್ಧ ತುಂಬಿದ ವರ್ಷ ದಾಮಾಷಾ ನಡೆಯುತ್ತಿತ್ತು: ತೂಬಿಗೆ ಹತ್ತಿರದ ನೆಲವನ್ನಷ್ಟೇ ಬೆಳೆಗೆ ಇಟ್ಟು, ಕಡೆಗದ್ದೆಯವರಿಗೂ ಅಲ್ಲೇ ಅವರವರ ಹಿಡುವಳಿಯ ಪ್ರಕಾರ ತುಂಡು ಕೊಡುವುದು. ನೀರು ಎಷ್ಟಿದೆ, ಎಷ್ಟು ನೆಲಕ್ಕೆ ಸಾಕು ಎಂದು ಅಂದಾಜು ಹೇಳುತ್ತಿದ್ದವರು ನೀರುಗಂಟಿ. ಮೂರನೆಯದನ್ನು ಬರೆಯಲು ನನಗೆ ತುಂಬ ದಿನ ಹಿಡಿಯಿತು. ಇಷ್ಟು ಅಧಿಕಾರವಿದ್ದ ಆ ಮನುಷ್ಯ ಊರಿನ ದಲಿತ ಕೇರಿಯವರು. ಗೌಡರ ಗದ್ದೆಗೆ ನೀರು ನಿಲ್ಲಿಸಬಲ್ಲವರು, ಆದರೆ ಅದೇ ಗೌಡರ ಜಗಲಿಯ ಮೇಲೆ ಕೂರಲಾರದವರು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಕೆಳಗೆ ನಿಂತು ಆಯ ಹಾಕಿಸಿಕೊಳ್ಳಬೇಕು. ಅವರ ಮಗ ನನಗೆ ನೇರವಾಗಿ ಕೇಳಿದ: "ನೀವು ನೀರುಗಂಟಿಕೆ ಹೋಯ್ತು ಅಂತ ಬೇಜಾರು ಮಾಡ್ಕೋತೀರಲ್ಲ, ನಾನು ಕಣದ ಕೆಳಗೆ ನಿಂತ್ಕೋಬೇಕಿತ್ತಾ?"

ಈ ಪ್ರಶ್ನೆಯನ್ನು ಅಧ್ಯಾಯದ ಮಧ್ಯದಲ್ಲೇ ಇಟ್ಟಿದ್ದೇನೆ, ಅಡಿಟಿಪ್ಪಣಿಗೆ ತಳ್ಳಿಲ್ಲ. ಕೆರೆ ಪದ್ಧತಿಯನ್ನು ಹೊಗಳುವ ಬರಹಗಳಲ್ಲಿ ನೀರುಗಂಟಿಯ ಜಾಣ್ಮೆ ಸಿಗುತ್ತದೆ, ಅವನು ನಿಂತ ಜಾಗ ಸಿಗುವುದಿಲ್ಲ. ನನ್ನ ನಿಲುವು: ಕೆಲಸ ಉಳಿಯಬೇಕಿತ್ತು, ಆ ಜಾಗ ಹೋಗಬೇಕಿತ್ತು. 1961ರ ನಂತರ ಎರಡನ್ನೂ ಬೇರೆ ಮಾಡಿ ನೋಡುವ ಪ್ರಯತ್ನವೇ ನಡೆಯಲಿಲ್ಲ.

ಅಧ್ಯಾಯ 5: ಮೊದಲ ಮುಚ್ಚುವಿಕೆ

ಕಾಲ 1980ರ ದಶಕದಿಂದ 2017. ಕೊಳವೆಬಾವಿ, ರೇಷ್ಮೆ, ಟೊಮ್ಯಾಟೊ, ಮೇಲಿನ ಜಲಾನಯನದಲ್ಲಿ ನೀಲಗಿರಿ ತೋಪು, ರಾಜಕಾಲುವೆ ಒತ್ತುವರಿ. ಇವೆಲ್ಲ ಗೊತ್ತಿರುವ ಕಾರಣಗಳು, ಚಿಕ್ಕದಾಗಿ ಹೇಳಿದ್ದೇನೆ. ಹೊಸದು ಎಂದು ನಾನು ಭಾವಿಸಿರುವುದು ನಡುಕೆರೆಯ 1990ರ ದಶಕದ ಒಂದು ನಡಾವಳಿ: "ಇನ್ನು ಮುಂದೆ ತೂಬು ಎತ್ತತಕ್ಕದ್ದಲ್ಲ, ಬೋರ್‌ವೆಲ್‌ಗಳಿಗೆ ನೀರು ಇಂಗತಕ್ಕದ್ದು." ಕೆಳಗೆ 23 ಸಹಿ. ಪಹಣಿಯೊಂದಿಗೆ ತಾಳೆ ನೋಡಿದರೆ ಸಹಿ ಹಾಕಿದವರಲ್ಲಿ ಹೆಚ್ಚಿನವರು ಬೋರ್ ಇದ್ದವರು. ಬರೀ ಅಚ್ಚುಕಟ್ಟು ಗದ್ದೆ ನಂಬಿದ್ದವರು ಕೆಲವರೇ. ತೂಬು ಊರೊಟ್ಟಿನ ತೀರ್ಮಾನದಿಂದ ಮುಚ್ಚಿತು ಎಂದು ಎಲ್ಲರೂ ಹೇಳುತ್ತಾರೆ, ಪುಸ್ತಕ ಬೇರೆ ಹೇಳುತ್ತದೆ.

ದುರ್ಬಲ ಜಾಗವೂ ಇಲ್ಲೇ ಇದೆ. ಇಂಥ ದಾಖಲೆ ಸಿಕ್ಕಿದ್ದು ಒಂದೇ ಕೆರೆಗೆ. ಮೇಲ್ಕೆರೆಯಲ್ಲಿ ಬಾಯಿಮಾತಿನ ಸಾಕ್ಷ್ಯವಿದೆ, ಕಡೆಕೆರೆಯಲ್ಲಿ ತೂಬು ಹೂಳಿನಲ್ಲಿ ತಾನಾಗಿ ಹೂತುಹೋಯಿತು. ಮೂರನ್ನೂ ಒಂದೇ ಹೆಸರಿನಿಂದ ಕರೆಯಬಹುದೇ ಎಂಬುದೇ ಗುರುವಾರ ನಿಮ್ಮನ್ನು ಕೇಳಬೇಕೆಂದಿರುವ ಮುಖ್ಯ ಪ್ರಶ್ನೆ.

ಅಧ್ಯಾಯ 6: ತುಂಬಿದ ಕೆರೆ, ಎರಡನೆಯ ಮುಚ್ಚುವಿಕೆ

ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ದಿನಕ್ಕೆ 440 ದಶಲಕ್ಷ ಲೀಟರ್ ಸಂಸ್ಕರಿಸಿದ ಕೊಳಚೆ ನೀರನ್ನು ಬೆಂಗಳೂರಿನಿಂದ ಕೋಲಾರದ ಕೆರೆಗಳಿಗೆ ಹರಿಸುವ ಉದ್ದೇಶ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂತು. ಮುಂದಿನ ತಿಂಗಳೇ ನೊರೆ ಕಾಣಿಸಿಕೊಂಡು ವಿಷಯ ಉಚ್ಚ ನ್ಯಾಯಾಲಯ ಮುಟ್ಟಿತು. ನೀರಿನ ಗುಣಮಟ್ಟದ ಬಗ್ಗೆ ತೀರ್ಪು ಕೊಡುವ ಪರಿಣತಿ ನನಗಿಲ್ಲ, ಅಧ್ಯಾಯ ಆ ಕಡೆ ಹೋಗುವುದಿಲ್ಲ. ನಾನು ಹಿಡಿದಿರುವುದು ಯೋಜನೆಯ ಒಂದು ಷರತ್ತನ್ನು: ಈ ನೀರು ಅಂತರ್ಜಲಕ್ಕೆ ಮಾತ್ರ, ಕೆರೆಯಿಂದ ನೇರವಾಗಿ ಎತ್ತುವಂತಿಲ್ಲ, ತೂಬಿನಿಂದ ಹರಿಸುವಂತಿಲ್ಲ. ಆರೋಗ್ಯದ ದೃಷ್ಟಿಯಿಂದ ಷರತ್ತಿಗೆ ಕಾರಣವಿದೆ. ಆದರೆ ಪರಿಣಾಮ ಅಧ್ಯಾಯ 5ರ ನಡಾವಳಿಯಂತೆಯೇ: ಬೋರ್ ಇದ್ದವನಿಗೆ ನೀರು ಏರಿತು, ಇಲ್ಲದವನು ಏರಿ ಮೇಲೆ ನಿಂತು ನೋಡಿದ.

ಪರೀಕ್ಷಕರು ಒಂದು ಮಾತು ಕೇಳಿಯೇ ಕೇಳುತ್ತಾರೆ: ಮಳೆ ಇಲ್ಲದ್ದಕ್ಕೆ ತೂಬು ನಿಂತಿತು, ಇದರಲ್ಲಿ ಸಮಾಜದ ಮಾತೇನು? ಇದಕ್ಕೆ ಉತ್ತರ ಕಡೆಕೆರೆಯಲ್ಲಿದೆ. ಅದಕ್ಕೆ ಯೋಜನೆಯ ನೀರು ಬಂದಿಲ್ಲ. 2021ರ ನವೆಂಬರ್ ಮಳೆಗೆ ತುಂಬಿ ಕೋಡಿ ಬಿತ್ತು, ಬಾಗಿನ ಕೊಟ್ಟರು. ಯಾರೂ ತಡೆಯಲಿಲ್ಲ. ಆದರೂ ಒಂದು ಗದ್ದೆಗೂ ನೀರು ಹರಿಯಲಿಲ್ಲ, ಏಕೆಂದರೆ ಕಾಲುವೆ ಇಲ್ಲ, ಸರದಿ ಗೊತ್ತಿರುವವರಿಲ್ಲ, ಹೂಳು ತೆಗೆಸಿ ತೂಬು ಎತ್ತುವ ಹೊಣೆ ಯಾರದೂ ಅಲ್ಲ.

ಅಧ್ಯಾಯ 7: ಉಪಸಂಹಾರ

ಹನ್ನೊಂದು ಪುಟದ ಕರಡು ಮಾತ್ರ. ಶಿಫಾರಸುಗಳ ಪಟ್ಟಿ ಇತ್ತು, ತೆಗೆದುಹಾಕಿದೆ. ಬದಲಿಗೆ ಒಂದೇ ವಾದ ಬೆಳೆಸುತ್ತಿದ್ದೇನೆ: ಕೆರೆ ಅಭಿವೃದ್ಧಿಯ ಲೆಕ್ಕದಲ್ಲಿ ಹೂಳು, ಏರಿ, ಬೇಲಿಗೆ ಹಣವಿದೆ, ನೀರು ಹಂಚುವ ಕೆಲಸಕ್ಕೆ ಸಂಬಳವೂ ಇಲ್ಲ, ಹುದ್ದೆಯೂ ಇಲ್ಲ. ಜಾತಿಗೆ ಅಂಟದ, ಸಂಬಳವಿರುವ ನೀರುಗಂಟಿ ಹುದ್ದೆ ಸಾಧ್ಯವೇ ಎಂಬಲ್ಲಿಗೆ ತಂದು ನಿಲ್ಲಿಸುತ್ತೇನೆ. ಇದು ನನ್ನ ಸಾಕ್ಷ್ಯ ಹೊರಬಲ್ಲ ಭಾರವೇ ಎಂದು ನೀವು ಹೇಳಬೇಕು.

ಗುರುವಾರ ಹನ್ನೊಂದಕ್ಕೆ ಬರುತ್ತೇನೆ. ಅಧ್ಯಾಯ 4ರ ಮುದ್ರಿತ ಪ್ರತಿ, ನಡಾವಳಿಯ ಫೋಟೋ ಮತ್ತು ಮೂರು ಕೆರೆಗಳ ಸರ್ವೆ ನಕ್ಷೆ ಜೊತೆಗೆ ತರುತ್ತೇನೆ. ನೀರುಗಂಟಿಯವರ ಮಗನ ಮಾತನ್ನು ಅಚ್ಚು ಮಾಡಲು ಅವನ ಒಪ್ಪಿಗೆ ಪಡೆದಿದ್ದೇನೆ. ಅವನ ಅಪ್ಪನಿಗೂ ಓದಿ ಹೇಳಿದ್ದೇನೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ತೂಬಿನ ಅಳತೆ ಸರಿಯಾಗಿ ಬರೆದಿದ್ದೀಯಾ ಎಂದಷ್ಟೇ ಕೇಳಿದರು.