ಬ್ಯಾಂಕಿನ ಮೇಡಂ ನಮ್ಮ ಸಂಘಕ್ಕೆ ಬಂದಿದ್ದಾರೆ

ಎಲ್ಲ ಅಕ್ಕಂದಿರಿಗೂ ತಂಗಿಯಂದಿರಿಗೂ ನಮಸ್ಕಾರ. ಬಾಗಿಲ ಹತ್ತಿರ ನಿಂತವರು ಒಳಗೆ ಬನ್ನಿ, ಚಾಪೆ ಮೇಲೆ ಇನ್ನೂ ಜಾಗ ಉಂಟು.

ವಾರದ ಉಳಿತಾಯದ ಲೆಕ್ಕ ಆಮೇಲೆ ಮಾಡೋಣ. ಇವತ್ತು ಅಂಕೋಲೆಯಿಂದ ಸವಿತಾ ಮೇಡಂ ಬಂದಿದ್ದಾರೆ. ನಮ್ಮ ಸಂಘದ ಖಾತೆ ಇರುವ ಶಾಖೆಯಲ್ಲಿ ಸಾಲದ ಕೆಲಸ ನೋಡುವವರು ಇವರೇ. ಊರು ಸಿರ್ಸಿ ಕಡೆ. ನಮ್ಮ ಶಾಖೆಗೆ ಬಂದು ಎಂಟು ತಿಂಗಳಾಯ್ತು.

ಇವರನ್ನು ಯಾಕೆ ಕರೆದೆ ಅಂತ ಹೇಳ್ತೇನೆ. ಹೋದ ತಿಂಗಳು ಕಂತು ಕಟ್ಟಲಿಕ್ಕೆ ನಾನು ಮತ್ತು ನಮ್ಮ ನಾಗಕ್ಕ ಹೋಗಿದ್ದೆವು. ನಾಗಕ್ಕ ಪೇಟೆಯಲ್ಲಿ ಮೀನು ಮಾರಿ ಸೀದಾ ಬಂದಿದ್ದಳು. ಸೀರೆಗೆ ಮೀನಿನ ವಾಸನೆ ಅಂತ ಹೊರಗೆ ಮೆಟ್ಟಿಲ ಮೇಲೇ ನಿಂತಳು. ಮೇಡಂ ಎದ್ದು ಬಂದು ಅವಳನ್ನು ಒಳಗೆ ಕರೆದು, ತಮ್ಮ ಎದುರಿನ ಕುರ್ಚಿಯಲ್ಲಿ ಕೂರಿಸಿದರು. ಚೀಟಿಯಲ್ಲಿ ಬರೆದದ್ದನ್ನು ಓದಿ ಹೇಳಿದ ಮೇಲೆ, "ಸರಿ ಉಂಟಾ ಅಕ್ಕ?" ಅಂತ ಕೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿದರು. ಇಷ್ಟು ವರ್ಷ ಯಾರೋ ಬರೆದದ್ದಕ್ಕೆ ಸುಮ್ನೆ ಹೆಬ್ಬೆಟ್ಟು ಒತ್ತಿ ಬರ್ತಿದ್ದೆವು, ಅಲ್ವಾ? ಅವತ್ತೇ ನಾನು ಮೇಡಂ ಹತ್ತಿರ, ಒಂದು ಸಲ ನಮ್ಮ ಸಂಘಕ್ಕೆ ಬನ್ನಿ ಅಂತ ಕೇಳಿಕೊಂಡೆ.

ಇವತ್ತು ಮೇಡಂ ಮುಖ್ಯವಾಗಿ ಎರಡು ವಿಷಯ ಹೇಳ್ತಾರೆ. ಒಂದು, ಸಂಘದ ಸಾಲ. ನಮ್ಮಂಥ ಸಂಘಗಳಿಗೆ 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಮನೆ, ಜಾಗ, ಬಂಗಾರ ಯಾವುದನ್ನೂ ಅಡ ಇಡಬೇಕಾಗಿಲ್ಲ. ಬ್ಯಾಂಕಿನವರು ನೋಡುವುದು ನಮ್ಮ ಪುಸ್ತಕ. ಸಭೆ ತಪ್ಪದೆ ನಡೆದಿದೆಯಾ, ಉಳಿತಾಯ ಕಟ್ಟಿದ್ದೇವಾ, ಒಳಗಿನ ಸಾಲ ವಾಪಸ್ ಬಂದಿದೆಯಾ ಅಂತ. ಹಲಸಿನ ಹಪ್ಪಳಕ್ಕೆ, ಒಣಮೀನಿಗೆ ಬಂಡವಾಳ ಬೇಕು ಅಂತಿದ್ದವರು ಇದನ್ನು ಸರಿಯಾಗಿ ಕೇಳಿಕೊಳ್ಳಿ.

ಇನ್ನೊಂದು, ವಿಮೆ. ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆ, 18ರಿಂದ 70 ವರ್ಷದೊಳಗಿನವರಿಗೆ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ ಸಿಗ್ತದೆ. ದುಡ್ಡು ಮೇ ಕೊನೆಗೆ ಖಾತೆಯಿಂದಲೇ ಕಟ್ ಆಗ್ತದೆ. ಆಗ ಖಾತೆ ಖಾಲಿ ಇದ್ದರೆ ವಿಮೆ ನಿಂತುಹೋಗಬಹುದು. ಜೂನ್, ಜುಲೈ ಬೋಟು ಕಡಲಿಗೆ ಇಳಿಯುವುದಿಲ್ಲ, ಕೈಯಲ್ಲಿ ದುಡ್ಡೂ ಇರುವುದಿಲ್ಲ. ಅದಕ್ಕೇ ಈಗಲೇ ಒಂದಿಷ್ಟು ಖಾತೆಯಲ್ಲಿ ಬಿಡಿ. ಮನೆಯಲ್ಲಿ ಗಂಡ, ಮಗ ಬೋಟಿಗೆ ಹೋಗುವವರಿದ್ದರೆ ಅವರ ಹೆಸರಲ್ಲೂ ಮಾಡಿಸಿ. ನಾನು ಕೈ ಮುಗಿದು ಹೇಳ್ತೇನೆ, ಇದನ್ನು ಮುಂದೆ ಹಾಕಬೇಡಿ.

ಮೇಡಂ ಮಾತು ಅರ್ಥ ಆಗದಿದ್ದರೆ ಅಲ್ಲೇ ಕೈ ಎತ್ತಿ. ನಿಮ್ಮದೇ ಖಾತೆ, ನಿಮ್ಮದೇ ದುಡ್ಡು, ಕೇಳಲಿಕ್ಕೆ ನಾಚಿಕೆ ಬೇಡ. ಪಾಸ್‌ಬುಕ್ ತಂದವರು ಕೊನೆಗೆ ಒಬ್ಬೊಬ್ಬರಾಗಿ ತೋರಿಸಿ. ಆದರೆ ಎಟಿಎಂ ಪಿನ್, ಒಟಿಪಿ ಮಾತ್ರ ಯಾರಿಗೂ ಹೇಳಬೇಡಿ. ಅದನ್ನು ತಾವೂ ಕೇಳುವುದಿಲ್ಲ ಅಂತ ಮೇಡಂ ಬರುವಾಗಲೇ ನನ್ನ ಹತ್ತಿರ ಹೇಳಿದರು.

ಮೇಡಂ, ಬಿಸಿಲಲ್ಲಿ ಬಂದಿದ್ದೀರಿ. ಮೊದಲು ಈ ಮುರುಗಲು ಪಾನಕ ಕುಡಿಯಿರಿ. ನಾಗಕ್ಕ, ಆ ಹೂವು ನೀನೇ ಕೊಡು. ಎಲ್ಲರೂ ಒಮ್ಮೆ ಚಪ್ಪಾಳೆ ಹೊಡೆಯಿರಿ. ಮೇಡಂ, ಇನ್ನು ನೀವು ಮಾತಾಡಿ.