ವಿಷಯ: ಕಳೆದುಹೋದ ಪಾರ್ಸೆಲ್ (ರಸೀದಿ ಸಂಖ್ಯೆ 48271936) – ತನಿಖೆ ಮತ್ತು 15 ದಿನಗಳೊಳಗೆ ಪರಿಹಾರ ಕೋರಿ ದೂರು

ಉದ್ಯಾವರ, ಉಡುಪಿ
27 ಜನವರಿ 2025

ಗೆ,
ಶಾಖಾ ವ್ಯವಸ್ಥಾಪಕರು,
ಉಡುಪಿ ಶಾಖೆ
(ಪ್ರತಿ: ಗ್ರಾಹಕ ದೂರು ವಿಭಾಗ, ಪ್ರಧಾನ ಕಚೇರಿ)

ಮಾನ್ಯರೇ,

ಜನವರಿ 6ರಂದು ನಿಮ್ಮ ಶಾಖೆಯಿಂದ ಪುಣೆಯಲ್ಲಿರುವ ನನ್ನ ಅಕ್ಕನ ಮಗಳ ವಿಳಾಸಕ್ಕೆ 1.6 ಕೆ.ಜಿ. ತೂಕದ ಪಾರ್ಸೆಲ್ ಕಳುಹಿಸಿದ್ದೆ. ಒಳಗಿದ್ದದ್ದು ಮೂರು ಕೈಮಗ್ಗದ ಉಡುಪಿ ಸೀರೆ, ಬೆಲೆ 8,400 ರೂಪಾಯಿ. 19ರಂದು ಅವಳ ಸೀಮಂತ. ಮೂರರಲ್ಲಿ ಒಂದು ಅಡಿಕೆ ಚೊಗರಿನ ಬಣ್ಣದ್ದು, ನೇಕಾರರಿಗೆ ಮೊದಲೇ ಹೇಳಿ ನೇಯಿಸಿದ್ದು. ಅದನ್ನು ಉಟ್ಟೇ ಅವಳು ಆರತಿಗೆ ಕೂರಬೇಕಿತ್ತು.

ನಾಲ್ಕು ದಿನದಲ್ಲಿ ತಲುಪುತ್ತದೆ ಎಂದಿದ್ದಿರಿ. 9ರಂದು ಹುಬ್ಬಳ್ಳಿಗೆ ಬಂದದ್ದು ಟ್ರ್ಯಾಕಿಂಗ್‌ನಲ್ಲಿ ಕಂಡಿತು, ಮುಂದೆ ಏನೂ ಇಲ್ಲ. 13ರ ಮಧ್ಯಾಹ್ನ 2.10ಕ್ಕೆ ಇದ್ದಕ್ಕಿದ್ದಂತೆ Delivered ಎಂದು ಸಂದೇಶ ಬಂತು. ಆ ಹೊತ್ತಿನಲ್ಲಿ ಅವಳು ಮನೆಯಲ್ಲೇ ಇದ್ದಳು, ಯಾರೂ ಬರಲಿಲ್ಲ. ಆ ವಸತಿ ಸಮುಚ್ಚಯದಲ್ಲಿ ಒಳಗೆ ಬರುವ ಪ್ರತಿಯೊಬ್ಬರ ಹೆಸರನ್ನೂ ಗೇಟಿನ ಕಾವಲುಗಾರರು ಪುಸ್ತಕದಲ್ಲಿ ಬರೆಸಿಕೊಳ್ಳುತ್ತಾರೆ. 13ರ ಪುಟದಲ್ಲಿ ಹಾಲಿನವರು, ಗ್ಯಾಸಿನವರು ಇದ್ದಾರೆ, ನಿಮ್ಮವರ ಹೆಸರಿಲ್ಲ. ಆ ಪುಟದ ಫೋಟೊ ಲಗತ್ತಿಸಿದ್ದೇನೆ. ನೀವು ಕಳುಹಿಸಿದ ವಿತರಣಾ ದಾಖಲೆಯಲ್ಲಿರುವ ಗೀಚು ಅವಳ ಸಹಿಯಲ್ಲ.

ಇಲ್ಲಿಯವರೆಗೆ ಮೂರು ಬಾರಿ ಶಾಖೆಗೆ ಬಂದಿದ್ದೇನೆ. ಕೌಂಟರಿನ ಹುಡುಗನ ಮೇಲೆ ನನಗೆ ದೂರಿಲ್ಲ, ಅವನು ಪ್ರತಿ ಸಲವೂ ನನ್ನೆದುರೇ ಫೋನ್ ಮಾಡಿ ವಿಚಾರಿಸಿದ. ಆದರೆ 22ರಂದು ಗ್ರಾಹಕ ವಿಭಾಗದವರು "ಪಾರ್ಸೆಲ್ ಕಳೆದರೆ 500 ರೂಪಾಯಿ ಮಾತ್ರ, ರಸೀದಿಯ ಹಿಂದೆ ಬರೆದಿದೆ" ಎಂದುಬಿಟ್ಟರು. ಇದನ್ನು ನಾನು ಒಪ್ಪುವುದಿಲ್ಲ. ಬುಕ್ ಮಾಡುವಾಗಲೇ ಬಿಲ್ ತೋರಿಸಿ 8,400 ರೂಪಾಯಿ ಮೌಲ್ಯ ಬರೆಸಿದ್ದೇನೆ, ಸಾಗಾಟದ 176 ರೂಪಾಯಿಯ ಜೊತೆಗೆ ರಿಸ್ಕ್ ಚಾರ್ಜ್ ಎಂದು 84 ರೂಪಾಯಿ ಬೇರೆ ಕೊಟ್ಟಿದ್ದೇನೆ. ಆ ಹಣ ತೆಗೆದುಕೊಂಡದ್ದು ಯಾತಕ್ಕೆ?

ಪಾರ್ಸೆಲ್ ಹುಬ್ಬಳ್ಳಿಯಿಂದ ಯಾವ ವಾಹನದಲ್ಲಿ ಹೊರಟಿತು, ಪುಣೆಯಲ್ಲಿ ಯಾರ ಕೈಗೆ ಬಂತು, Delivered ಎಂದು ನಮೂದಿಸಿದವರು ಆಗ ಎಲ್ಲಿದ್ದರು ಎಂಬುದನ್ನು ತನಿಖೆ ಮಾಡಿ ಲಿಖಿತವಾಗಿ ತಿಳಿಸಿ. ಎರಡೂ ಕಡೆಯ ಸಿಸಿಟಿವಿ ದೃಶ್ಯಗಳು ಅಳಿಸಿಹೋಗುವ ಮೊದಲು ತೆಗೆದಿರಿಸಿ. ಸೀರೆ ಸಿಕ್ಕರೆ ಸುಸ್ಥಿತಿಯಲ್ಲಿ ತಲುಪಿಸಿ. ಸೀಮಂತ ಮುಗಿದರೂ ನಮಗೆ ಅವು ಬೇಕು. ಸಿಗದಿದ್ದರೆ ಸೀರೆಗಳ ಬೆಲೆ 8,400, ನಾನು ಕೊಟ್ಟ ಶುಲ್ಕ 260, ಓಡಾಟ ಮತ್ತು ಮಾನಸಿಕ ಕಿರುಕುಳಕ್ಕಾಗಿ 3,000, ಒಟ್ಟು 11,660 ರೂಪಾಯಿಯನ್ನು ಫೆಬ್ರವರಿ 11ರೊಳಗೆ ನನ್ನ ಖಾತೆಗೆ ಜಮಾ ಮಾಡಿ.

ರಸ್ತೆ ಸಾಗಾಟ ಕಾಯ್ದೆ 2007ರ 16ನೇ ಕಲಮಿನಂತೆ, ಬುಕಿಂಗ್ ಆದ 180 ದಿನಗಳೊಳಗೆ ಕೊಡಬೇಕಾದ ನೋಟಿಸ್ ಎಂದೂ ಈ ಪತ್ರವನ್ನು ಪರಿಗಣಿಸಿ. ಗಡುವು ಮೀರಿದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಡಿ ಉಡುಪಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ.

ಈ ಪತ್ರವನ್ನು ರಿಜಿಸ್ಟರ್ಡ್ ಅಂಚೆಯಲ್ಲೂ ಇಮೇಲ್‌ನಲ್ಲೂ ಕಳುಹಿಸಿದ್ದೇನೆ. ನನ್ನ ಮೊಬೈಲ್ ಸಂಖ್ಯೆ ರಸೀದಿಯಲ್ಲಿದೆ.

ಇತಿ,
ಸುಮತಿ

ಲಗತ್ತು: ಬುಕಿಂಗ್ ರಸೀದಿ, ಸೀರೆಗಳ ಬಿಲ್, ಟ್ರ್ಯಾಕಿಂಗ್ ಪುಟ, ಗೇಟಿನ ಪುಸ್ತಕದ ಫೋಟೊ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ