ಡಾಕ್ಟರೇ, ನಿಮ್ಮ ಪ್ರಶ್ನೆಗೆ ಉತ್ತರ

ಡಾಕ್ಟರೇ, ನಮಸ್ಕಾರ.

ಸಂಜೆ ಕೊಟ್ಟಿಗೆಯ ಮುಂದೆ ಕೈ ತೊಳೆಯುತ್ತಾ ನೀವು ಕೇಳಿದ ಪ್ರಶ್ನೆಗೆ ಉತ್ತರ ಬಾಕಿ ಉಳಿಯಿತು. ‘ಅಲ್ಲ, ನೀವು ಇನ್ನೂ ಯಾಕೆ ಒಂಟಿಯಾಗಿದ್ದೀರಿ?’ ಎಂದಿರಿ. ನಾನು ಚೊಂಬಿನಿಂದ ನೀರು ಹಾಕುತ್ತಿದ್ದೆ. ಅಷ್ಟರಲ್ಲಿ ಅಮ್ಮ ಕಾಫಿ ಹಿಡಿದು ಬಂದರು, ನಾನು ಮಾತು ನುಂಗಿಕೊಂಡೆ, ನಿಮ್ಮ ಪ್ಯಾಂಟು ಒದ್ದೆಯಾಯಿತು. ಕೈ ತಪ್ಪಿತು ಎಂದು ಆಗ ಹೇಳಿದೆನಲ್ಲ, ಅದು ಸುಳ್ಳು. ಅಂಥ ಪ್ರಶ್ನೆಗೆ ತಕ್ಷಣಕ್ಕೆ ಕೈಯಲ್ಲಿದ್ದ ಉತ್ತರ ಅಷ್ಟೇ.

ಈಗ ಕರೆಂಟು ಹೋಗಿದೆ. ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ, ಹಲಸಿನ ಮರದ ಬುಡದಲ್ಲಿ ನಿಂತರೆ ಎರಡು ಗೆರೆ ಬರುತ್ತದೆ. ಅಲ್ಲಿಯೇ ನಿಂತು ಬರೆಯುತ್ತಿದ್ದೇನೆ. ಮೊಬೈಲಿನಲ್ಲಿ 23 ಶೇಕಡಾ ಚಾರ್ಜ್ ಇದೆ. ಇಷ್ಟು ಕಷ್ಟಪಟ್ಟು ನಾನು ಎಲ್ಲರಿಗೂ ಉತ್ತರ ಬರೆಯುವುದಿಲ್ಲ ಎಂಬುದನ್ನು ಮೊದಲೇ ತಿಳಿಸಿರುತ್ತೇನೆ.

ಮೊದಲಿಗೆ ಒಂದು ಮಾತು. ನಮ್ಮ ಕೊಡಗಿಗೆ ಇವತ್ತಿಗೂ ರೈಲು ಬಂದಿಲ್ಲ. ಹಾಗೆಂದು ಮಡಿಕೇರಿಗೆ ಯಾರೂ ಬರದೆ ಉಳಿದಿದ್ದಾರೆಯೇ? ಬರಬೇಕೆಂದವರು ಘಾಟಿ ಹತ್ತಿ, ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು, ಬಂದೇ ಬರುತ್ತಾರೆ. ನನ್ನ ಕಥೆಯೂ ಅದೇ. ಹಳಿ ಹಾಕಿಸಿಕೊಂಡು ಕುಳಿತಿಲ್ಲ, ಅಷ್ಟೇ. ದಾರಿಯಂತೂ ಇದೆ.

ಬಂದವರೇ ಇಲ್ಲ ಎಂದುಕೊಳ್ಳಬೇಡಿ. ಬಂದಿದ್ದಾರೆ. ಒಬ್ಬರ ಕಡೆಯವರು ನನ್ನ ಹೆಸರು ಕೇಳುವ ಮೊದಲು ತೋಟ ಎಷ್ಟು ಎಕರೆ ಎಂದು ಕೇಳಿದರು. ಐದು ಎಂದೆ. ಮುಖ ಸಣ್ಣಗಾಯಿತು. ‘ಮೆಣಸಿನ ಬಳ್ಳಿ ಇದೆಯಲ್ಲ?’ ಎಂದು ಸಮಾಧಾನ ಮಾಡಿಕೊಂಡರು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಇನ್ನೊಬ್ಬರು ಒಳ್ಳೆಯವರೇ, ಆದರೆ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ನಮ್ಮ ಮನೆಯನ್ನು ಹೋಂಸ್ಟೇ ಮಾಡಿ, ಕೊಟ್ಟಿಗೆಯನ್ನು ಎರಡು ಕೋಣೆಯಾಗಿಸಿ, ಗೌರಿಯನ್ನು ಮಾರಿಬಿಟ್ಟಿದ್ದರು. ಬಾಯಲ್ಲೇ, ಪುಣ್ಯಕ್ಕೆ. ಗೌರಿ ಯಾರೆಂದು ನಿಮಗೆ ಗೊತ್ತು. ಅವಳನ್ನು ಮಾರಿದವರ ಮನೆಗೆ ನಾನು ಹೋಗುತ್ತೇನೆಯೇ?

ಆದರೆ ನಾನು ಮರೆಯಲಾರದವರು ಜುಲೈ ತಿಂಗಳಲ್ಲಿ ಬಿಳಿ ಪ್ಯಾಂಟು ಹಾಕಿಕೊಂಡು ಬಂದವರು. ಮಾದಾಪುರದ ಮಳೆಗಾಲಕ್ಕೆ ಬಿಳಿ ಪ್ಯಾಂಟು! ಆಗಲೇ ನನಗೆ ಅವರ ಮೇಲೆ ಸ್ವಲ್ಪ ಅಕ್ಕರೆ ಹುಟ್ಟಿತ್ತು, ನಿಜ ಹೇಳುತ್ತೇನೆ. ಗೇಟಿನಿಂದ ಜಗುಲಿಗೆ ನಡೆದು ಬಂದದ್ದು ಹೆಚ್ಚೆಂದರೆ ಐವತ್ತು ಹೆಜ್ಜೆ. ಅಮ್ಮ ಕಳಲೆ ಸಾರು, ಕಡುಬು ಬಡಿಸಿದರು. ಎರಡನೆಯ ಕಡುಬಿಗೆ ಕೈ ಹಾಕುವಾಗ ಅವರ ಮೊಣಕಾಲಿನ ಕೆಳಗೆ ಬಿಳಿ ಬಟ್ಟೆಯ ಮೇಲೆ ಕೆಂಪು ಚುಕ್ಕೆಯೊಂದು ಮೂಡಿತು. ಕಾಸಿನಷ್ಟಿದ್ದದ್ದು ನೋಡುತ್ತಿದ್ದಂತೆ ಅಂಗೈ ಅಗಲವಾಯಿತು. ಜಿಗಣೆ. ಹೊಟ್ಟೆ ತುಂಬಿ, ದ್ರಾಕ್ಷಿಯಂತಾಗಿ, ತಾನಾಗಿಯೇ ಕಳಚಿಕೊಂಡು ನೆಲದ ಮೇಲೆ ಉರುಳಿತು. ಆತ ಕುರ್ಚಿಯ ಮೇಲೆ ಹತ್ತಿ ನಿಂತರು. ನಾನು ಸುಣ್ಣದ ಡಬ್ಬಿ ತಂದೆ. ಅವರ ತಾಯಿ ಬಹಳ ಗಂಭೀರವಾಗಿ ಕೇಳಿದರು:

‘ಇದು ಇಲ್ಲಿ ದಿನವೂ ಇರುತ್ತದೆಯೇ?’

‘ಇಲ್ಲ, ಮಳೆಗಾಲದಲ್ಲಿ ಮಾತ್ರ’ ಎಂದೆ.

‘ಮಳೆಗಾಲ ಎಷ್ಟು ದಿನ?’

‘ಜೂನ್‌ನಿಂದ ಸೆಪ್ಟೆಂಬರ್. ಮನಸ್ಸಾದರೆ ಅಕ್ಟೋಬರ್.’

ಮಾತುಕತೆ ಅಲ್ಲಿಗೆ ಮುಗಿಯಿತು. ಎರಡನೆಯ ಕಡುಬು ತಟ್ಟೆಯಲ್ಲೇ ಉಳಿಯಿತು. ಅಪ್ಪನಿಗೆ ಬೇಸರವಾದದ್ದು ಸಂಬಂಧ ತಪ್ಪಿದ್ದಕ್ಕೋ ಕಡುಬು ಹಾಳಾದದ್ದಕ್ಕೋ ನನಗೆ ಈಗಲೂ ತಿಳಿದಿಲ್ಲ.

ಹೋದ ವರ್ಷ ಅದೇ ಜುಲೈಯಲ್ಲಿ, ಗೌರಿ ಕರು ಹಾಕಿದ ಮರುದಿನ ಏಳಲಾರದೆ ಮಲಗಿಬಿಟ್ಟಾಗ, ನೀವು ಮೊದಲ ಸಲ ನಮ್ಮ ಮನೆಗೆ ಬಂದಿರಿ. ಕ್ಯಾಲ್ಸಿಯಂ ಬಾಟಲಿಯನ್ನು ಎತ್ತಿ ಹಿಡಿಯಲು ನನಗೆ ಕೊಟ್ಟು, ಇದನ್ನು ನಿಧಾನವಾಗಿಯೇ ಕೊಡಬೇಕು, ಅವಸರ ಮಾಡಿದರೆ ಹೃದಯಕ್ಕೆ ಅಪಾಯ ಎಂದು ಅಪ್ಪನಿಗೆ ವಿವರಿಸುತ್ತಿದ್ದಿರಿ. ಹಾಗೆ ವಿವರಿಸುತ್ತಲೇ ಕುತ್ತಿಗೆಯ ಹಿಂದೆ ಕೈ ಹಾಕಿ, ಒಂದು ಜಿಗಣೆ ಕಿತ್ತು, ಎರಡು ಬೆರಳಿನ ನಡುವೆ ಉಂಡೆ ಮಾಡಿ, ಆಚೆ ಚಿಮ್ಮಿದಿರಿ. ಮಾತು ಒಂದು ಅಕ್ಷರವೂ ತಪ್ಪಲಿಲ್ಲ. ಅದನ್ನು ನಾನು ಗಮನಿಸಿದೆ. ಗಮನಿಸಿದ್ದಕ್ಕೆ ದೊಡ್ಡ ಅರ್ಥ ಕಟ್ಟಬೇಡಿ. ಕಟ್ಟಿದರೂ ಅಡ್ಡಿಯಿಲ್ಲ.

ಇನ್ನು ನಿಮ್ಮ ‘ಇನ್ನೂ’ ಎಂಬ ಪದದ ಬಗ್ಗೆ ನನ್ನ ತಕರಾರು ಇದೆ. ಇನ್ನೂ ಎಂದರೆ ಏನು, ಬಸ್ಸು ತಪ್ಪಿಸಿಕೊಂಡು ನಿಲ್ದಾಣದಲ್ಲಿ ಕುಳಿತವಳೇ ನಾನು? ನನಗೆ ಇಪ್ಪತ್ತೊಂಬತ್ತು. ಬೆಳಿಗ್ಗೆ ಹಾಲು ಕರೆಯುತ್ತೇನೆ, ತೋಟದ ಲೆಕ್ಕ ಬರೆಯುತ್ತೇನೆ, ಮೆಣಸಿನ ವ್ಯಾಪಾರಿ ತೂಕದಲ್ಲಿ ಬೆರಳಾಡಿಸಿದರೆ ಅವನ ತಕ್ಕಡಿಯ ಎದುರಿಗೇ ನಿಲ್ಲುತ್ತೇನೆ. ರಾತ್ರಿ ಇಡೀ ಮಂಚ ನನ್ನದೇ. ಇದನ್ನೆಲ್ಲ ಬಿಟ್ಟುಕೊಡಬೇಕೆಂದರೆ, ಅಥವಾ ಬಿಡದೆ ಒಬ್ಬರಿಗೆ ಅರ್ಧ ಜಾಗ ಕೊಡಬೇಕೆಂದರೆ, ಬರುವವರು ಆ ಜಾಗಕ್ಕೆ ಲಾಯಕ್ಕಾಗಿರಬೇಡವೇ? ಮಂಚವೂ ಬೀಟೆಯದು. ಸುಮ್ಮನೆ ಯಾರಿಗೋ ಕೊಡುವಂಥದ್ದಲ್ಲ.

ನಮ್ಮ ತೋಟದಲ್ಲಿ ಅರೇಬಿಕಾ, ರೋಬಸ್ಟಾ ಎರಡೂ ಇವೆ, ನೋಡಿದ್ದೀರಿ. ಅರೇಬಿಕಾಗೆ ಯಾರ ಹಂಗೂ ಇಲ್ಲ. ತನ್ನ ಹೂವಿನ ಪರಾಗದಿಂದಲೇ ತಾನು ಕಾಯಿ ಕಟ್ಟಿಕೊಳ್ಳುತ್ತದೆ. ರೋಬಸ್ಟಾ ಹಾಗಲ್ಲ. ಎಷ್ಟೇ ಗಟ್ಟಿ ಗಿಡವಾದರೂ ಬೇರೊಂದು ಗಿಡದ ಪರಾಗ ಗಾಳಿಯಲ್ಲಿಯೋ ಜೇನ್ನೊಣದ ಕಾಲಿನಲ್ಲಿಯೋ ಬರಬೇಕು. ಇಷ್ಟು ವರ್ಷ ನಾನು ಅರೇಬಿಕಾ ಎಂದೇ ನಂಬಿಕೊಂಡಿದ್ದೆ. ಇತ್ತೀಚೆಗೆ ಸ್ವಲ್ಪ ಅನುಮಾನ ಬಂದಿದೆ. ಯಾವಾಗಿನಿಂದ ಎಂದು ಕೇಳಬೇಡಿ, ದಿನಾಂಕ ಬೇಕಾದರೆ ನಿಮ್ಮ ಕ್ಯಾಲ್ಸಿಯಂ ಬಾಟಲಿಯ ಚೀಟಿಯಲ್ಲಿ ಸಿಗುತ್ತದೆ.

ನನ್ನದೂ ಒಂದು ಪ್ರಶ್ನೆ ಇದೆ. ಕೈಯಾಡಿಸಿ ನೋಡಿ ಹೊಟ್ಟೆಯೊಳಗಿನ ಕರು ಎಷ್ಟು ತಿಂಗಳದ್ದೆಂದು ಹೇಳಿಬಿಡುವ ನಿಮಗೆ, ಒಂದು ಇಂಜೆಕ್ಷನ್‌ಗೆ ಬಂದವರು ಎರಡು ಲೋಟ ಕಾಫಿಯ ತನಕ ಏಕೆ ಕೂರುತ್ತೀರಿ ಎಂಬುದು ತಿಳಿಯದೆ? ಅಮ್ಮ ಹಾಕುವ ಸಕ್ಕರೆ ನಿಮಗೆ ಹೆಚ್ಚೆಂದು ನನಗೆ ಗೊತ್ತು. ಮೊದಲ ಗುಟುಕಿಗೆ ಎಡಗಣ್ಣು ಕಿರಿದಾಗುತ್ತದೆ. ಆದರೂ ಇನ್ನೊಂದು ಲೋಟಕ್ಕೆ ಹೂಂ ಎನ್ನುತ್ತೀರಿ. ನಾನು ಯಾಕೆ ಒಂಟಿ ಎಂದು ನನ್ನನ್ನು ಕೇಳುವ ಮೊದಲು ಆ ಎರಡನೆಯ ಲೋಟದ ಲೆಕ್ಕ ಕೊಡಿ.

ಹೂಮಳೆ ಈ ಸಲ ಚೆನ್ನಾಗಿಯೇ ಬಿದ್ದಿದೆ. ಹಿಂಬದಿಯ ರೋಬಸ್ಟಾ ಭಾನುವಾರಕ್ಕೆ ಪೂರ್ತಿ ಅರಳುತ್ತದೆ. ಗಿಡ ಕಾಣುವುದಿಲ್ಲ, ಬರೀ ಬಿಳಿ. ಎರಡು ಮೂರು ದಿನದ ಸಂಭ್ರಮ ಅಷ್ಟೇ, ಆಮೇಲೆ ಕಂದಾಗಿ ಉದುರುತ್ತದೆ. ರಾಜಾಸೀಟಿನಲ್ಲಿ ಸಿಗೋಣ ಎಂದು ಹೇಳಬೇಡಿ. ಅಲ್ಲಿ ನಮ್ಮ ಮಾತಿಗಿಂತ ಪ್ರವಾಸಿಗರ ಸೆಲ್ಫಿ ಜಾಸ್ತಿ. ಬೆಳಿಗ್ಗೆ ಏಳಕ್ಕೆ, ಮಂಜು ಇರುವಾಗಲೇ ಇಲ್ಲಿಗೆ ಬನ್ನಿ. ಔಷಧದ ಚೀಲ ಬೇಡ. ಗಮ್‌ಬೂಟೂ ಬೇಡ, ಈಗ ಜಿಗಣೆ ಇಲ್ಲ. ಬಿಳಿ ಪ್ಯಾಂಟು ಹಾಕಿಕೊಂಡು ಬರುವ ಧೈರ್ಯವಿದ್ದರೆ ಹಾಕಿಕೊಂಡು ಬನ್ನಿ.

ಕರೆಂಟು ಬಂತು. ಒಳಗಿನಿಂದ ಅಪ್ಪ ಕೂಗುತ್ತಿದ್ದಾರೆ, ಗೌರಿಗೆ ಮುಂದಿನ ಇಂಜೆಕ್ಷನ್ ಯಾವಾಗಂತೆ ಎಂದು. ಭಾನುವಾರ ಎಂದು ಹೇಳಿಬಿಟ್ಟಿದ್ದೇನೆ.